ಗುರುವಾರದ ಅಮೃತ, ಗುರುವಾರದ ರಾಹು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಮಗನಿಗೆ ಹೆಣ್ಣು, ಮಗಳಿಗೆ ಗಂಡು ನೋಡುವ ವಯಸ್ಸಿಗೆ ಬಂದಿದ್ದಾರೆ. ಕೆಲವರು ದೂರವಾಣಿಯಲ್ಲಿ ಕುಶಲ ವಿಚಾರಿಸಿದ ಬಳಿಕ, "ಸರ, ಸಂಬಂಧ ಕೇಳಲಿಕ್ಕೆ ಹೋಗೋರಿದ್ದೇವಿ, ಯಾವ ಹೋರಾ ಛಲೋ?" ಎಂದು ಕೇಳುತ್ತಾರೆ. ಈಚೆಗೆ ಇದರ ಜೊತೆಗೆ ಚೌಘಡಿಯಾ ಎಂಬ ಇನ್ನೊಂದು ಹೆಸರೂ ಸೇರಿಕೊಂಡಿದೆ. ನಾನು ಜೋಯಿಸನಲ್ಲ. ಗಣಿತವನ್ನು ಕಲಿಸಿದವನು. ಆದರೆ ಇವೆರಡೂ ಮೂಲತಃ ಭಾಗಾಕಾರದ ಲೆಕ್ಕಗಳೇ ಆಗಿರುವುದರಿಂದ, ಅವುಗಳ ಕುರಿತು ನಾಲ್ಕು ಮಾತು ಬರೆಯುವ ಅಧಿಕಾರ ನನಗೂ ಇದೆಯೆಂದು ಭಾವಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕೋಷ್ಟಕಗಳನ್ನು ನಂಬುವವರು ನಂಬಲಿ, ಆದರೆ ಅವುಗಳ ಲೆಕ್ಕವನ್ನು ಅರಿತು ನಂಬಲಿ. ಲೆಕ್ಕವನ್ನು ಅರಿತವನು ಅವುಗಳ ಹೆಸರಿನಲ್ಲಿ ಬೀಗರೊಡನೆ ಜಗಳಕ್ಕೆ ಇಳಿಯಲಾರ.

ಮೊದಲು ಹೋರೆಯನ್ನು ನೋಡೋಣ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಸಮಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ಹೋರೆ. ರಾತ್ರಿಯಲ್ಲಿಯೂ ಹಾಗೆಯೇ ಹನ್ನೆರಡು. ಪ್ರತಿಯೊಂದಕ್ಕೂ ಒಬ್ಬ ಗ್ರಹಾಧಿಪತಿ. ಇವರ ಸರದಿ ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ ಎಂದು ಸಾಗುತ್ತದೆ. ಆಕಾಶದಲ್ಲಿ ಅತಿ ನಿಧಾನವಾಗಿ ಚಲಿಸುವ ಶನಿಯಿಂದ ಅತಿ ವೇಗವಾಗಿ ಚಲಿಸುವ ಚಂದ್ರನವರೆಗಿನ ಕ್ರಮ ಇದು. ಯಾವ ವಾರವೋ ಆ ವಾರದ ಗ್ರಹನೇ ಬೆಳಗಿನ ಮೊದಲ ಹೋರೆಯ ಒಡೆಯ. ಅಲ್ಲಿಂದ ಇಪ್ಪತ್ತನಾಲ್ಕು ಹೋರೆ ಎಣಿಸಿ ಮುಗಿಸಿದರೆ, ಏಳೇಳರಂತೆ ಮೂರು ಸುತ್ತು ತಿರುಗಿ ಮೂರು ಉಳಿಯುತ್ತವೆ. ಆದ್ದರಿಂದ ಮರುದಿನದ ಒಡೆಯ ಈ ಸಾಲಿನಲ್ಲಿ ನಾಲ್ಕನೆಯವನು. ಶನಿಯಿಂದ ನಾಲ್ಕನೆಯವನು ಸೂರ್ಯ, ಸೂರ್ಯನಿಂದ ನಾಲ್ಕನೆಯವನು ಚಂದ್ರ. ಶನಿವಾರ, ಭಾನುವಾರ, ಸೋಮವಾರ ಎಂಬ ನಮ್ಮ ವಾರಗಳ ಕ್ರಮ ಹುಟ್ಟಿದ್ದು ಹೀಗೆ. ಆರ್ಯಭಟನು ಕ್ರಿ.ಶ. 499ರ ಲೆಕ್ಕವಿರುವ ತನ್ನ ಗ್ರಂಥದಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿದ್ದಾನೆ. ಇಷ್ಟರಮಟ್ಟಿಗೆ ಇದು ಸುಂದರವಾದ ಗಣಿತ.

ಮದುವೆಯ ಮಾತಿಗೆ ಶುಕ್ರ, ಗುರು, ಬುಧ, ಚಂದ್ರರ ಹೋರೆಗಳು ಒಳ್ಳೆಯವೆಂದೂ, ಸೂರ್ಯ, ಮಂಗಳ, ಶನಿಯರ ಹೋರೆಗಳು ಬೇಡವೆಂದೂ ರೂಢಿ. ಪ್ರೀತಿಯ ನಿವೇದನೆಗೆ ಶುಕ್ರಹೋರೆಯೇ ಶ್ರೇಷ್ಠವೆಂದು ನಮ್ಮ ತರುಣರು ನಂಬುತ್ತಾರೆ. ಶುಕ್ರವಾರದ ಮೊದಲ ಹೋರೆಯೇ ಶುಕ್ರನದು. ಆದರೆ ಅದು ಸೂರ್ಯ ಹುಟ್ಟುವ ಹೊತ್ತು. ಆಗ ಹುಡುಗಿ ಇನ್ನೂ ಮಲಗಿರುತ್ತಾಳೆ ಎಂಬುದನ್ನು ಯಾವ ಕೋಷ್ಟಕವೂ ತಿಳಿಸುವುದಿಲ್ಲ!

ಇನ್ನು ಚೌಘಡಿಯಾ. ಇದು ಗುಜರಾತ, ರಾಜಸ್ಥಾನಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಪದ್ಧತಿ. ಮರಾಠಿ ಮನೆಗಳ ಮೂಲಕ ನಮ್ಮ ಗಡಿ ತಾಲ್ಲೂಕುಗಳಿಗೂ ಬಂದಿದೆ. ಇಲ್ಲಿ ಹಗಲನ್ನು ಎಂಟು ಭಾಗ ಮಾಡುತ್ತಾರೆ. ಉದ್ವೇಗ, ಚರ, ಲಾಭ, ಅಮೃತ, ಕಾಲ, ಶುಭ, ರೋಗ ಎಂದು ಏಳು ಹೆಸರು. ಅಮೃತ, ಶುಭ, ಲಾಭ ಉತ್ತಮ, ಚರ ಮಧ್ಯಮ, ಉಳಿದ ಮೂರು ವರ್ಜ್ಯ. ಈ ಏಳಕ್ಕೂ ಗ್ರಹಾಧಿಪತಿಗಳಿದ್ದಾರೆ: ಉದ್ವೇಗಕ್ಕೆ ಸೂರ್ಯ, ಚರಕ್ಕೆ ಶುಕ್ರ, ಲಾಭಕ್ಕೆ ಬುಧ, ಅಮೃತಕ್ಕೆ ಚಂದ್ರ, ಕಾಲಕ್ಕೆ ಶನಿ, ಶುಭಕ್ಕೆ ಗುರು, ರೋಗಕ್ಕೆ ಮಂಗಳ. ಗಮನವಿಟ್ಟು ನೋಡಿದರೆ ಇದು ಹೋರೆಯದೇ ಸಾಲು. ಅಂದರೆ ಹಗಲಿನ ಹೋರೆಯೂ ಚೌಘಡಿಯಾವೂ ಒಂದೇ ದಾರವನ್ನು ಎರಡು ಅಳತೆಯಲ್ಲಿ ಕತ್ತರಿಸಿದಂತೆ. ಒಂದು ಹನ್ನೆರಡು ತುಂಡು, ಇನ್ನೊಂದು ಎಂಟು ತುಂಡು. ದಿನದ ಮೊದಲ ತುಂಡು ಎರಡರಲ್ಲಿಯೂ ವಾರಾಧಿಪತಿಯದೇ. ಆ ಬಳಿಕ ಎರಡೂ ಬೇರೆ ಬೇರೆ ವೇಗದಲ್ಲಿ ಓಡುವುದರಿಂದ, ಒಂದು ಶುಭವೆಂದ ಹೊತ್ತನ್ನು ಇನ್ನೊಂದು ಅಶುಭವೆನ್ನುವುದು ಅನಿವಾರ್ಯ.

ನಮ್ಮ ದಕ್ಷಿಣದ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡುವುದು ರಾಹುಕಾಲ. ಅದೂ ಹಗಲಿನ ಎಂಟನೆಯ ಒಂದು ಭಾಗವೇ, ಆದರೆ ಅದರ ಸರದಿಯೇ ಬೇರೆ. ಸೋಮವಾರ ಎರಡನೆಯ ಭಾಗ, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಬುಧವಾರ ಐದನೆಯದು, ಗುರುವಾರ ಆರನೆಯದು, ಮಂಗಳವಾರ ಏಳನೆಯದು, ಭಾನುವಾರ ಎಂಟನೆಯದು. ಈ ಸಾಲನ್ನು ಚೌಘಡಿಯಾದ ಕೋಷ್ಟಕದ ಮೇಲೆ ಇಟ್ಟು ನೋಡಿದಾಗ ನನಗೆ ಒಂದು ಸ್ವಾರಸ್ಯ ಕಂಡಿತು. ವಾರದ ಐದು ದಿನ ಎರಡಕ್ಕೂ ವಿರೋಧವಿಲ್ಲ. ರಾಹುಕಾಲವಿರುವ ಭಾಗ ಚೌಘಡಿಯಾದಲ್ಲಿಯೂ ಕಾಲ, ರೋಗ ಅಥವಾ ಉದ್ವೇಗವೇ ಆಗಿರುತ್ತದೆ. ಆದರೆ ಮಂಗಳವಾರದ ರಾಹುಕಾಲವು ಚೌಘಡಿಯಾದಲ್ಲಿ 'ಶುಭ'. ಗುರುವಾರದ ರಾಹುಕಾಲವಂತೂ 'ಅಮೃತ'! ಇದು ಒಂದು ವರ್ಷದ ಆಕಸ್ಮಿಕವಲ್ಲ. ಎರಡೂ ಎಂಟು ಭಾಗದ ಲೆಕ್ಕಗಳಾದ್ದರಿಂದ, ಲೋಕದಲ್ಲಿ ಗುರುವಾರ ಇರುವವರೆಗೂ ಅದರ ಹಗಲಿನ ಆರನೆಯ ಭಾಗ ಒಬ್ಬರಿಗೆ ಅಮೃತ, ಮತ್ತೊಬ್ಬರಿಗೆ ರಾಹು.

ಇದು ಕಾಗದದ ಮೇಲಿನ ತಮಾಷೆ ಮಾತ್ರವಲ್ಲ. ಗಣೇಶಗುಡಿಯ ಒಂದು ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಇದೇ ಕಾರಣಕ್ಕೆ ಒಂದು ಸಂಬಂಧ ಮುರಿಯುವ ಹಂತಕ್ಕೆ ಹೋಗಿತ್ತು. ಸೂಪಾ ಅಣೆಕಟ್ಟಿನಿಂದ ಬೆಳೆದ ಆ ಊರನ್ನು ನೀವು ಬಲ್ಲಿರಿ. ಕಾಳಿ ನದಿಗೆ ಅಣೆ ಕಟ್ಟಲು, ಆಮೇಲೆ ವಿದ್ಯುದಾಗಾರವನ್ನು ನಡೆಸಲು ನಾಡಿನ ನಾನಾ ಕಡೆಯವರು ಬಂದು ನೆಲೆಸಿದ ಜಾಗ. ಅಲ್ಲಿ ಒಂದೇ ಸಾಲಿನ ಮನೆಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ಕೇಳಿಸುತ್ತವೆ. ಗೋಡೆಯ ಮೇಲಿನ ಪಂಚಾಂಗಗಳೂ ಹಾಗೆಯೇ ಬೇರೆ ಬೇರೆ. ಹುಡುಗಿಯ ತಂದೆ ಧಾರವಾಡದ ಕಡೆಯವರು, ನನ್ನ ಹಳೆಯ ವಿದ್ಯಾರ್ಥಿ. ಹುಡುಗನ ಮನೆಯವರು ಬೆಳಗಾವಿಯ ಕಡೆಯ ಮರಾಠಿ ಮಾತನಾಡುವವರು. ಮಕ್ಕಳಿಬ್ಬರೂ ಪುಣೆಯಲ್ಲಿ ಉದ್ಯೋಗ ಮಾಡುತ್ತ ಪರಸ್ಪರ ಒಪ್ಪಿಕೊಂಡಿದ್ದರು. ಹಿರಿಯರು ಒಮ್ಮೆ ಕೂಡಿ ಮಾತನಾಡುವುದೊಂದೇ ಬಾಕಿ. ಮೇ ತಿಂಗಳ ನಡುವಿನ ಒಂದು ಗುರುವಾರವನ್ನು ಎರಡೂ ಕಡೆಯವರು ಒಪ್ಪಿದರು.

ಹುಡುಗನ ಸೋದರತ್ತೆ ಮೊಬೈಲಿನಲ್ಲಿ ಚೌಘಡಿಯಾ ನೋಡಿ, "ಎರಡು ಗಂಟೆಯ ಮೇಲೆ ಅಮೃತ, ಆಗಲೇ ಬರುತ್ತೇವೆ" ಎಂದು ಹೇಳಿ ಕಳಿಸಿದರು. ಹುಡುಗಿಯ ಅಜ್ಜಿಗೆ ಇದು ಕಿವಿಗೆ ಬಿದ್ದೊಡನೆ ಎದೆ ಧಸಕ್ಕೆಂದಿತು. ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲವೆಂಬುದು ಅವರಿಗೆ ಬಾಯಿಪಾಠ. "ರಾಹುಕಾಲದಾಗ ಹೊಸ್ತಿಲು ತುಳೀತೀನಿ ಅನ್ನೋ ಮಂದೀಗೆ ನನ್ನ ಮೊಮ್ಮಗಳನ್ನ ಕೊಡಂಗಿಲ್ಲ" ಎಂದರು. ಮೂರರ ಮೇಲೆ ಬನ್ನಿರೆಂದು ಈ ಕಡೆಯಿಂದ ಹೇಳಿದರು. "ಅಮೃತವನ್ನು ಬಿಟ್ಟು ಬಾ ಎನ್ನುವವರ ಮನಸ್ಸಿನಲ್ಲಿ ಏನಿದೆಯೋ" ಎಂದು ಆ ಕಡೆಯವರು ಅನುಮಾನಪಟ್ಟರು. ಇಬ್ಬರೂ ಎದುರಿನವರು ಬೇಕೆಂದೇ ತಮ್ಮ ಮಗುವಿಗೆ ಕೇಡು ಬಯಸುತ್ತಿದ್ದಾರೆಂದು ತಿಳಿದರು. ಒಂದೇ ತುಂಡು ಹೊತ್ತಿಗೆ ಎರಡು ಹೆಸರಿವೆ ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ಹುಡುಗಿಯ ತಂದೆ ನನ್ನನ್ನು ಕರೆಸಿದರು. ನಾನು ಒಂದು ಹಾಳೆಯಲ್ಲಿ ಗಣೇಶಗುಡಿಯದೇ ಲೆಕ್ಕ ಬರೆದೆ. ಅದನ್ನು ಇಲ್ಲಿ ಕೊಡುತ್ತೇನೆ. ನಿಮ್ಮ ಊರಿಗೂ ಹೀಗೆಯೇ ಮಾಡಿಕೊಳ್ಳಬಹುದು.

ನಮ್ಮ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82½ ಅಂಶದ ಸೂರ್ಯನ ಪ್ರಕಾರ. ಗಣೇಶಗುಡಿ ಇರುವುದು ಸುಮಾರು 74½ ಅಂಶದಲ್ಲಿ. ಒಂದು ಅಂಶಕ್ಕೆ 4 ನಿಮಿಷದಂತೆ 8 ಅಂಶಕ್ಕೆ 32 ನಿಮಿಷ ಸೂರ್ಯ ಅಲ್ಲಿ ತಡವಾಗಿ ಬರುತ್ತಾನೆ. ಬಾಯಿಪಾಠದ ರಾಹುಕಾಲದಲ್ಲಿ ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ, ಪ್ರತಿ ಭಾಗವೂ ಒಂದೂವರೆ ಗಂಟೆ. ಆದರೆ ಗಣೇಶಗುಡಿಯಲ್ಲಿ ಮೇ ನಡುವೆ ಸೂರ್ಯೋದಯ ಸುಮಾರು 6:03ಕ್ಕೆ, ಸೂರ್ಯಾಸ್ತ ಸುಮಾರು 6:53ಕ್ಕೆ. ಹಗಲು 12 ಗಂಟೆ 50 ನಿಮಿಷ. ಎಂಟರಿಂದ ಭಾಗಿಸಿದರೆ ಒಂದು ಚೌಘಡಿಯಾ 96 ನಿಮಿಷ. ಒಂದು ಘಳಿಗೆಗೆ 24 ನಿಮಿಷದಂತೆ ಸರಿಯಾಗಿ ನಾಲ್ಕು ಘಳಿಗೆ, ಹೆಸರಿಗೆ ತಕ್ಕಂತೆ. ಡಿಸೆಂಬರ್ ಕೊನೆಯಲ್ಲಿ ಅದೇ ಊರಿನಲ್ಲಿ ಹಗಲು ಕುಗ್ಗಿ ಒಂದು ಭಾಗ 84 ನಿಮಿಷಕ್ಕೆ ಇಳಿಯುತ್ತದೆ. ಇನ್ನೊಂದು ಮಾತು: ಸೂರ್ಯೋದಯವೆಂದರೆ ಪಂಚಾಂಗದ ಸೂರ್ಯೋದಯ, ಸುತ್ತಲಿನ ಗುಡ್ಡದ ನೆತ್ತಿಯ ಮೇಲೆ ಸೂರ್ಯ ಕಾಣಿಸಿಕೊಳ್ಳುವ ಹೊತ್ತಲ್ಲ.

ಆ ಗುರುವಾರ ಆರನೆಯ ಭಾಗ ಆರಂಭವಾಗುವುದು 2:04ಕ್ಕೆ, ಮುಗಿಯುವುದು 3:40ಕ್ಕೆ. ಅಜ್ಜಿಯ ಬಾಯಿಪಾಠದಂತೆ ಮೂರು ಗಂಟೆ ಕಳೆದ ಕೂಡಲೇ ಅತಿಥಿಗಳು ಒಳಗೆ ಬಂದಿದ್ದರೆ, ಲೆಕ್ಕದ ರಾಹುಕಾಲದಲ್ಲಿ ಇನ್ನೂ ನಲವತ್ತು ನಿಮಿಷ ಉಳಿದಿರುತ್ತಿತ್ತು. ಅತ್ತ ಸೋದರತ್ತೆಯ ಅಮೃತದೊಳಗೂ ಹುಳುಕಿತ್ತು. ಆ ದಿನ ಒಂದು ಹೋರೆಗೆ 64 ನಿಮಿಷ. ಬೆಳಗಿನ ಗುರುವಿನಿಂದ ಎಣಿಸುತ್ತ ಬಂದರೆ 1:32ರಿಂದ 2:36ರವರೆಗೆ ಮತ್ತೆ ಗುರುಹೋರೆ, ಅಲ್ಲಿಂದ 3:40ರವರೆಗೆ ಮಂಗಳಹೋರೆ. ಅಂದರೆ ಅಮೃತ ಚೌಘಡಿಯಾದ ಮೂರರಲ್ಲಿ ಎರಡು ಪಾಲು, ಮದುವೆಯ ಮಾತಿಗೆ ಬೇಡವೆನ್ನುವ ಹೋರೆಯಲ್ಲಿತ್ತು. ಒಂದೇ ಗಂಟೆಗೆ ಮೂರು ಶಾಸ್ತ್ರಗಳು ಮೂರು ತೀರ್ಪು ಕೊಟ್ಟಂತಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಎಲ್ಲರೂ ಒಪ್ಪುವ ಹೊತ್ತು ಇರಲಿಲ್ಲವೇ? ಇತ್ತು. ರಾಹುಕಾಲ, ಯಮಗಂಡ, ಗುಳಿಕಕಾಲಗಳನ್ನು ತೆಗೆದುಹಾಕಿದೆ. ರೋಗ, ಉದ್ವೇಗ, ಕಾಲ ಎಂಬ ಚೌಘಡಿಯಾಗಳನ್ನು ತೆಗೆದೆ. ಬೇಡದ ಹೋರೆಗಳನ್ನೂ ತೆಗೆದೆ. ಉಳಿದದ್ದು ಮೂರು ತುಂಡು. ಬೆಳಿಗ್ಗೆ 10:52ರಿಂದ 12:28ರವರೆಗೆ ಚರ, ಅದರಲ್ಲಿ ಬುಧ ಮತ್ತು ಚಂದ್ರರ ಹೋರೆ. ಮಧ್ಯಾಹ್ನ 1:32ರಿಂದ 2:04ರವರೆಗೆ ಲಾಭ, ಗುರುಹೋರೆ. ಸಂಜೆ 5:17ರಿಂದ 6:53ರವರೆಗೆ ಶುಭ, ಶುಕ್ರ ಮತ್ತು ಬುಧರ ಹೋರೆ. ಒಟ್ಟು ಸುಮಾರು ಮೂರು ಮುಕ್ಕಾಲು ಗಂಟೆ. ಸುಮಾರು ಹದಿಮೂರು ಗಂಟೆಯ ಹಗಲಿನಲ್ಲಿ ಒಂಬತ್ತು ಗಂಟೆಗೂ ಹೆಚ್ಚು ಹೊತ್ತನ್ನು ನಾವೇ ಹೊರಗೆ ಎಸೆದಂತಾಯಿತು. ಇದರ ಮೇಲೆ ದುರ್ಮುಹೂರ್ತ, ವರ್ಜ್ಯ ಎಂದು ಸೇರಿಸುತ್ತ ಹೋದರೆ ಉಳಿಯುವುದು ಇನ್ನೂ ಕಡಿಮೆ.

ಕೋಷ್ಟಕದಲ್ಲಿ ಸಂಜೆಯ ಹೊತ್ತೇ ಎಲ್ಲಕ್ಕಿಂತ ಉತ್ತಮವಾಗಿ ಕಾಣುತ್ತಿತ್ತು. ಹಿರಿಯರೆಲ್ಲ ಅದಕ್ಕೆ ತಲೆದೂಗುವಷ್ಟರಲ್ಲಿ, ಅದುವರೆಗೆ ಬಾಗಿಲ ಬಳಿ ನಿಂತು ಕೇಳುತ್ತಿದ್ದ ಹುಡುಗಿ ಮೆಲ್ಲಗೆ ಹೇಳಿದಳು: "ಸರ, ಇಷ್ಟೊತ್ತನಕ ಯಾವ ಹೋರಾ, ಯಾವ ಕಾಲ ಅಂತ ಮಾತಾಡಿದ್ರಿ. ನನಗ ಯಾವ ಹೊತ್ತು ಅನುಕೂಲ ಅಂತ ಒಬ್ರೂ ಕೇಳಲಿಲ್ಲರಿ." ಅವಳು ರಜೆ ಹಾಕಿ ಬಂದಿರಲಿಲ್ಲ, ಊರಿನಿಂದಲೇ ಕೆಲಸ ಮಾಡುತ್ತಿದ್ದಳು. ಪ್ರತಿ ಗುರುವಾರ ಎರಡರಿಂದ ನಾಲ್ಕು ಗಂಟೆಯವರೆಗೆ ಕಂಪ್ಯೂಟರಿನ ಮುಂದೆ ಕುಳಿತು ಕಚೇರಿಯ ಸಭೆಯಲ್ಲಿ ಮಾತನಾಡಬೇಕಿತ್ತು. ಅಮೃತವೋ ರಾಹುವೋ ಎಂದು ಎರಡು ಮನೆಗಳು ವಾರವಿಡೀ ಹೊಡೆದಾಡಿದ ಆ ತೊಂಬತ್ತಾರು ನಿಮಿಷ, ನೋಡಬೇಕಾದ ಹುಡುಗಿ ಎದ್ದು ಬರಲಾಗದ ಹೊತ್ತಾಗಿತ್ತು. ಸಂಜೆಯೂ ಬೇಡವೆಂದಳು. ಕತ್ತಲಾದ ಮೇಲೆ ಬೆಳಗಾವಿಯ ವಯಸ್ಸಾದವರು ಕಾಡಿನ ದಾರಿಯಲ್ಲಿ ಹಿಂದಿರುಗಬೇಕಾಗುತ್ತದೆ ಎಂಬುದು ಅವಳ ಚಿಂತೆ. ಆ ಚಿಂತೆ ನಮಗಾರಿಗೂ ಹೊಳೆದಿರಲಿಲ್ಲ.

ಹನ್ನೊಂದೂವರೆಗೆ ಬರುವುದೆಂದು ಗೊತ್ತಾಯಿತು. ಚರವೆಂದರೆ ಅಸ್ಥಿರವಲ್ಲವೇ ಎಂದು ಸೋದರತ್ತೆ ಒಮ್ಮೆ ಹಿಂಜರಿದರು. ಚರದ ಒಡೆಯ ಶುಕ್ರ, ಆ ಹೊತ್ತಿನ ಹೋರೆ ಚಂದ್ರನದು, ಅಮೃತದ ಒಡೆಯನೂ ಚಂದ್ರನೇ ಎಂದು ತಿಳಿಸಿದಾಗ ಅವರ ಮುಖ ಅರಳಿತು. ಅತಿಥಿಗಳು ಬಂದರು, ಮಾತಾಯಿತು, ಊಟವಾಯಿತು. ಎರಡಕ್ಕೆ ಹುಡುಗಿ ತನ್ನ ಕೆಲಸಕ್ಕೆ ಕುಳಿತಳು, ಬೆಳಕಿರುವಾಗಲೇ ಬೀಗರು ಊರು ಸೇರಿದರು. ಮುಂದೆ ಮದುವೆಯೂ ಆಯಿತು. ಇದಕ್ಕೆ ಚಂದ್ರಹೋರೆ ಕಾರಣವೆಂದು ನಾನು ಹೇಳಲಾರೆ. ಚಂದ್ರಹೋರೆಯಲ್ಲಿಯೇ ಭೇಟಿಯಾಗಿ ಮುರಿದುಹೋದ ಸಂಬಂಧಗಳು ಎಷ್ಟಿವೆಯೆಂದು ಯಾರೂ ಲೆಕ್ಕ ಇಟ್ಟಿಲ್ಲ. ಲೆಕ್ಕವಿಡದ ಕಡೆ ಕಾರಣ ಹೇಳುವುದು ಗಣಿತದವನಿಗೆ ಒಪ್ಪುವ ಮಾತಲ್ಲ.

ಶಾಸ್ತ್ರವನ್ನೇ ಆಧಾರವಾಗಿ ಕೇಳುವವರಿಗೂ ಒಂದು ಮಾತು. ರಾಮ ದೈವಜ್ಞನು 1600ರ ಸುಮಾರಿಗೆ ಕಾಶಿಯಲ್ಲಿ ರಚಿಸಿದ 'ಮುಹೂರ್ತ ಚಿಂತಾಮಣಿ'ಯನ್ನು ಇಂದಿಗೂ ಜೋಯಿಸರು ಪ್ರಮಾಣವೆಂದು ಹಿಡಿಯುತ್ತಾರೆ. ಅದರ ವಿವಾಹ ಪ್ರಕರಣದಲ್ಲಿ ಕನ್ಯಾವರಣ, ವರವರಣಗಳಿಗೆ, ಅಂದರೆ ಸಂಬಂಧವನ್ನು ನಿಶ್ಚಯಿಸುವ ಕಾರ್ಯಕ್ಕೆ, ಮುಖ್ಯವಾಗಿ ಹೇಳಿರುವುದು ನಕ್ಷತ್ರಗಳನ್ನು. ಬರೀ ಪರಿಚಯಕ್ಕೆ ಬಂದು ಚಹಾ ಕುಡಿದು ಹೋಗುವ ಭೇಟಿ ವರಣವೂ ಅಲ್ಲ, ವಾಗ್ದಾನವೂ ಅಲ್ಲ. ಜೋಯಿಸರ ಬಳಿಗೆ ಹೋಗಲು ಬಿಡುವಿಲ್ಲದ ಸಣ್ಣ ಕೆಲಸಗಳಿಗೆ, ಪ್ರಯಾಣಕ್ಕೆ, ಒಂದು ಸುಲಭದ ಗುರುತಾಗಿ ಇರುವುದೇ ಚೌಘಡಿಯಾದ ಬಳಕೆ. ಅದನ್ನು ಸಂಬಂಧದ ತೀರ್ಪುಗಾರನಾಗಿ ಕೂರಿಸಿದರೆ, ಅದು ಹೊರಲಾರದ ಭಾರವನ್ನು ಅದರ ತಲೆಯ ಮೇಲೆ ಇಟ್ಟಂತೆ.

ಆದ್ದರಿಂದ ಕೇಳುವವರಿಗೆ ನಾನು ಹೇಳುವುದಿಷ್ಟು. ಮೊದಲು ಹುಡುಗಿಯನ್ನೂ ಹುಡುಗನನ್ನೂ ಕೇಳಿ ಅವರಿಗೆ ಒಗ್ಗುವ ಎರಡು ಮೂರು ಹೊತ್ತುಗಳನ್ನು ಬರೆದಿಟ್ಟುಕೊಳ್ಳಿರಿ, ಪಂಚಾಂಗವನ್ನು ಅದರ ಬಳಿಕ ತೆರೆಯಿರಿ. ಎದುರಿನ ಮನೆಯವರು ಯಾವ ಪದ್ಧತಿಯನ್ನು ನೋಡುತ್ತಾರೆಂದು ಸಂಕೋಚವಿಲ್ಲದೆ ವಿಚಾರಿಸಿರಿ. ಇಬ್ಬರ ಪದ್ಧತಿ ಬೇರೆಯಾಗಿದ್ದರೆ ಮಂಗಳವಾರ, ಗುರುವಾರಗಳ ಮಧ್ಯಾಹ್ನದ ಮೇಲಿನ ಹೊತ್ತನ್ನು ಮಾತಿಗೇ ತರಬೇಡಿರಿ, ಅಲ್ಲಿ ಜಗಳ ಕಾದು ಕುಳಿತಿರುತ್ತದೆ. ಮೊಬೈಲಿನಲ್ಲಿ ನೋಡುವಾಗ ಮೇಲ್ಗಡೆ ಯಾವ ಊರಿನ ಹೆಸರಿದೆಯೆಂದು ಗಮನಿಸಿರಿ. ಬೆಂಗಳೂರಿನ ಲೆಕ್ಕವೆಂದರೆ ಗಣೇಶಗುಡಿಗೆ ಸುಮಾರು ಹನ್ನೆರಡು ನಿಮಿಷದ ವ್ಯತ್ಯಾಸ ಬರುತ್ತದೆ. ಅದು ತೋರಿಸುವ ಸೂರ್ಯೋದಯವನ್ನು ನಿಮ್ಮ ಊರಿನ ಸೂರ್ಯೋದಯಕ್ಕೆ ಹೋಲಿಸಿ ನೋಡಿದರೆ ತಪ್ಪು ತಾನಾಗಿ ತಿಳಿಯುತ್ತದೆ. ಎರಡು ಭಾಗಗಳ ಅಂಚಿಗೆ ಹೊತ್ತನ್ನು ಇಟ್ಟುಕೊಳ್ಳದೆ, ಕಾಲು ಗಂಟೆ ಒಳಗೆ ಸರಿಸಿ ಇಟ್ಟುಕೊಳ್ಳಿರಿ. ಬಸ್ಸು ತಡವಾದರೂ ಯಾರ ಮನಸ್ಸಿಗೂ ಕಿರಿಕಿರಿಯಾಗದು.

ಇಷ್ಟಾಗಿಯೂ ಅತಿಥಿಗಳು ಬೇಡದ ಹೊತ್ತಿನಲ್ಲಿಯೇ ಬಾಗಿಲಿಗೆ ಬಂದು ನಿಂತರೆ, ಮೇ ತಿಂಗಳ ಬಿಸಿಲಿನಲ್ಲಿ ಅವರನ್ನು ವಾಹನದಲ್ಲಿ ಕೂರಿಸಿ ಕಾಯಿಸುವುದು ಯಾವ ಶಾಸ್ತ್ರಕ್ಕೂ ಒಪ್ಪುವಂಥದ್ದಲ್ಲ. ಕಾಲಿಗೆ ನೀರು ಕೊಟ್ಟು, ಬೆಲ್ಲ ನೀರು ಕೊಟ್ಟು ಒಳಗೆ ಕೂರಿಸಿರಿ. ಸಂಬಂಧದ ಮಾತನ್ನು ಬೇಕಿದ್ದರೆ ಅರ್ಧ ಗಂಟೆ ತಡೆದು ಆಡಬಹುದು. ಮನೆಗೆ ಬಂದವರನ್ನು ಬನ್ನಿರೆನ್ನಲು ಮುಹೂರ್ತ ಬೇಕಿಲ್ಲ.